ಸಿಹಿ ಸಾಂಬಾರು, 212 ಕಾಮೆಂಟು

ಪ್ರಶ್ನೆ: ನಾನು ಹಾಸನದವಳು, ಬೆಂಗಳೂರಿಗೆ ಬಂದು ಆರು ವರ್ಷ ಆಯ್ತು. ಹೋದ ತಿಂಗಳು ಫೇಸ್‌ಬುಕ್‌ನಲ್ಲಿ ಪಬ್ಲಿಕ್ ಆಗಿ ಒಂದು ಪೋಸ್ಟ್ ಹಾಕಿದೆ: "ಅನ್‌ಪಾಪ್ಯುಲರ್ ಒಪಿನಿಯನ್: ಬೆಂಗಳೂರು ಹೋಟೆಲ್‌ಗಳ ಸಿಹಿ ಸಾಂಬಾರ್ ಸಾಂಬಾರೇ ಅಲ್ಲ." 212 ಕಾಮೆಂಟ್ ಬಂತು. ತುಂಬಾ ಜನ ಬೈದಿದ್ದಾರೆ. ಆದ್ರೆ ಲೈಕು ನೋಡಿದ್ರೆ 600 ದಾಟಿದೆ. ಜನ ನನ್ನ ಪರ ಇದ್ದಾರಾ, ವಿರುದ್ಧ ಇದ್ದಾರಾ? ಪೋಸ್ಟ್ ತೆಗೆದುಬಿಡಲಾ? ಎಲ್ಲದರ ಸ್ಕ್ರೀನ್‌ಶಾಟ್ ಕಳಿಸಿದ್ದೀನಿ.

ಉತ್ತರ: ಪೂರ್ತಿ ಓದಿದೆ ಮೇಡಂ. ಒಂದು ಸಂಜೆ ಹೋಯ್ತು, ಬೇಜಾರೇನಿಲ್ಲ. ಇದೇ ನನ್ನ ಕೆಲಸ. ಒಂದು ಪತ್ರಿಕೆಯಲ್ಲಿ ವರ್ಷಗಟ್ಟಲೆ ಓದುಗರ ಪತ್ರ ವಿಂಗಡಿಸಿದೆ, ಆಮೇಲೆ ಅದೇ ಪತ್ರಿಕೆಯ ವೆಬ್‌ಸೈಟಿನ ಕಾಮೆಂಟುಗಳನ್ನು ನೋಡಿಕೊಂಡೆ. ಬೈಗುಳದಲ್ಲಿ ಎಷ್ಟು ಬಗೆ ಇವೆ ಅಂತ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. 212ರಲ್ಲಿ 38 ಕಾಮೆಂಟು ನಿಮ್ಮವೇ, ಬೈದವರಿಗೆ ಕೊಟ್ಟ ಉತ್ತರಗಳು. ಉಳಿದದ್ದು 174. ಅಷ್ಟನ್ನೂ ಬರೆದವರು 97 ಜನ. ಅದರಲ್ಲೂ ಇಬ್ಬರು ಗಂಡಸರು ತಾವಿಬ್ಬರೇ 29 ಬರೆದಿದ್ದಾರೆ, ಬಹುಪಾಲು ಒಬ್ಬರಿಗೊಬ್ಬರು. ನೀವು ಅಲ್ಲಿ ನೆಪ ಮಾತ್ರ. ಈ 97 ಜನರನ್ನು ಒಬ್ಬೊಬ್ಬರಾಗಿ ಎಣಿಸಿದೆ. ನಿಮ್ಮ ಮಾತು ಒಪ್ಪದೆ ಬೈದವರು ಅಥವಾ ಕೊಂಕು ಮಾತಾಡಿದವರು 41. ಒಪ್ಪಿದವರು 22. ಉಳಿದ 34 ಜನ ಗೆಳೆಯರನ್ನು ಟ್ಯಾಗ್ ಮಾಡಿದವರು, ಯಾವ ಹೋಟೆಲ್ ಅಂತ ಕೇಳಿದವರು, ವಡೆ ಬಗ್ಗೆ ಮಾತಾಡಿದವರು, ಒಬ್ಬರಂತೂ ಬರೀ ಕಾಫಿ ಲೋಟದ ಫೋಟೋ ಹಾಕಿ ಹೋಗಿದ್ದಾರೆ.

ಆ ಕಡೆ ಪೋಸ್ಟಿನ ಕೆಳಗೆ ಒಟ್ಟು 655 ಒತ್ತು ಬಿದ್ದಿವೆ. ಆ ಸಂಖ್ಯೆಯ ಮೇಲೆ ಬೆರಳಿಟ್ಟರೆ ಒಡೆದು ತೋರಿಸುತ್ತದಲ್ವಾ, ಆ ಸ್ಕ್ರೀನ್‌ಶಾಟನ್ನೂ ಕಳಿಸಿದ್ದು ಒಳ್ಳೆಯದಾಯ್ತು. ಹೆಬ್ಬೆರಳು ಮತ್ತು ಹಾರ್ಟು ಸೇರಿ 571. ನಗುವ ಮುಖ 84. ಈ ನಗುವ ಮುಖವನ್ನು ಲೈಕಿನ ಜೊತೆ ಸೇರಿಸಬೇಡಿ. 2016ರಲ್ಲಿ ಫೇಸ್‌ಬುಕ್ ಇವನ್ನೆಲ್ಲ ಕೊಟ್ಟಾಗ ನಗು ಅಂದರೆ ನಗು ಅಂತಲೇ ಇತ್ತು. ಈಗ ಗುರುತಿಲ್ಲದವರು ಗಂಭೀರವಾದ ಮಾತಿಗೆ ಅದನ್ನು ಒತ್ತಿದರೆ ಅದು ಗೇಲಿ. ನಿಮ್ಮ ಸ್ನೇಹಿತರು ಒತ್ತಿದ್ದರೆ ನಿಜವಾದ ನಗು. ಹೆಸರುಗಳ ಪಟ್ಟಿ ತೆಗೆದು ನೋಡಿದರೆ ನಿಮಗೇ ಗೊತ್ತಾಗುತ್ತೆ. 84ನ್ನೂ ಗೇಲಿ ಅಂತಲೇ ಹಿಡಿದರೂ ನಿಮ್ಮ ವಿರುದ್ಧ ಕಾಣುವುದು 125 ಜನ, ಪರವಾಗಿ 571. ಹಾಗಾದರೆ ಓದುವಾಗ ಊರಿಗೆ ಊರೇ ಮೇಲೆ ಬಿದ್ದ ಹಾಗೆ ಯಾಕೆ ಅನಿಸಿತು?

ಯಾಕೆಂದರೆ ಒಪ್ಪಿದವರಿಗೆ ಒಂದು ಗುಂಡಿ ಇದೆ, ಒಪ್ಪದವರಿಗೆ ಇಲ್ಲ. ಒಪ್ಪಿದವನು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತಾನೆ, ಅವನ ಕೆಲಸ ಮುಗಿಯಿತು. ಒಪ್ಪದವನಿಗೆ ನಗುವ ಮುಖ, ಸಿಟ್ಟಿನ ಮುಖ ಬಿಟ್ಟರೆ ಇರುವ ದಾರಿ ಬರೆಯುವುದೊಂದೇ. ಪತ್ರಿಕೆಯಲ್ಲೂ ಹೀಗೇ ಇತ್ತು. ಸಂಪಾದಕೀಯ ಸರಿಯಾಗಿದೆ ಅಂತ ಹೇಳೋಕೆ ಯಾರೂ ಇನ್‌ಲ್ಯಾಂಡ್ ಲೆಟರ್ ಕೊಳ್ಳುತ್ತಿರಲಿಲ್ಲ. ತಪ್ಪಾಗಿದೆ ಅನ್ನೋರು ಮೂರು ಪುಟ ಬರೆದು, ಅಂಚಿನಲ್ಲೂ ಬರೆದು, ಕವರಿನ ಮೇಲೂ ಒಂದು ಸಾಲು ಬರೆಯುತ್ತಿದ್ದರು. ಟ್ವಿಟರ್‌ನಲ್ಲಿ "ರೇಷಿಯೋ" ಅನ್ನೋ ಮಾತು ಹುಟ್ಟಿದ್ದೂ ಇದರಿಂದಲೇ. ಲೈಕಿಗಿಂತ ರಿಪ್ಲೈ ತುಂಬಾ ಜಾಸ್ತಿ ಆಗಿದ್ದರೆ ಆ ಪೋಸ್ಟ್ ಜನಕ್ಕೆ ಹಿಡಿಸಿಲ್ಲ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ನಿಮ್ಮದು ಅದರ ಉಲ್ಟಾ. 571 ಲೈಕಿಗೆ 174 ಕಾಮೆಂಟು ಅಂದರೆ ಓದಿ ತಲೆ ಆಡಿಸಿದವರು ಜಾಸ್ತಿ, ಬಾಯಿ ತೆಗೆದವರು ಕಡಿಮೆ.

ಗುಂಡಿ ಯಾವುದಿದೆ ಅನ್ನೋದು ಎಷ್ಟು ಮುಖ್ಯ ಅಂತ ನೋಡಬೇಕಾದರೆ ರೆಡ್ಡಿಟ್ ಅನ್ನೋ ಚರ್ಚೆಯ ತಾಣ ನೋಡಿ. ಅಲ್ಲಿ ಮೇಲಕ್ಕೆ ತಳ್ಳುವ ಬಾಣವೂ ಇದೆ, ಕೆಳಕ್ಕೆ ತಳ್ಳುವ ಬಾಣವೂ ಇದೆ. ಅಲ್ಲಿ `r/unpopularopinion` ಅಂತ ಒಂದು ದೊಡ್ಡ ಗುಂಪಿದೆ. ಅದರ ತಾಪತ್ರಯ ಏನು ಅಂದರೆ, ಜನ ಒಪ್ಪುವ ಮಾತನ್ನು ಮೇಲಕ್ಕೆ ತಳ್ಳುತ್ತಾರೆ, ಒಪ್ಪದ್ದನ್ನು ಕೆಳಕ್ಕೆ. ಹಾಗಾಗಿ ಯಾರಿಗೂ ಹಿಡಿಸದ ಅಭಿಪ್ರಾಯ ಯಾರ ಕಣ್ಣಿಗೂ ಬೀಳದೆ ತಳ ಸೇರುತ್ತದೆ, ಎಲ್ಲರೂ ಒಪ್ಪುವ ಮಾತು ಧೈರ್ಯದ ಮಾತಿನ ವೇಷ ಹಾಕಿಕೊಂಡು ಮೇಲೆ ಕೂತಿರುತ್ತದೆ. ಇದು ಸಾಕಾಗಿ ಕೆಲವರು `r/The10thDentist` ಅಂತ ಬೇರೆ ಗುಂಪು ಮಾಡಿದರು. ಅಲ್ಲಿ ನಿಯಮ ತಿರುಗುಮುರುಗು. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಮೇಲಕ್ಕೆ ತಳ್ಳಬೇಕು, ಒಪ್ಪಿಗೆ ಇದ್ದರೆ ಕೆಳಕ್ಕೆ. ಟೂತ್‌ಪೇಸ್ಟ್ ಜಾಹೀರಾತಿನಲ್ಲಿ ಹತ್ತರಲ್ಲಿ ಒಂಬತ್ತು ದಂತವೈದ್ಯರು ಶಿಫಾರಸು ಮಾಡುತ್ತಾರೆ ಅಂತಾರಲ್ಲ, ಆ ಹತ್ತನೆಯವನು ಯಾರಪ್ಪಾ ಅನ್ನೋದೇ ಆ ಹೆಸರಿನ ತಮಾಷೆ. ಅಲ್ಲಿ ಮೇಲೆ ಬಂದ ಪೋಸ್ಟುಗಳನ್ನು ಓದಿ ನೋಡಿ, ನಿಮ್ಮ ಸಾಂಬಾರಿನ ಮಾತು ಎಷ್ಟು ಸಪ್ಪೆ ಅಂತ ಗೊತ್ತಾಗುತ್ತೆ. ತಪ್ಪು ತಿಳಿಯಬೇಡಿ.

ಸಿಹಿ ಸಾಂಬಾರು ಸೇರದಿರೋದು ಅನ್‌ಪಾಪ್ಯುಲರ್ ಅಲ್ಲವೇ ಅಲ್ಲ. ಕಾಮೆಂಟುಗಳಲ್ಲೇ ಅದಕ್ಕೆ ಸಾಕ್ಷಿ ಇದೆ. ಒಪ್ಪಿದ 22 ಜನರಲ್ಲಿ 13 ಜನ ಹೆಚ್ಚೂಕಮ್ಮಿ ಒಂದೇ ಮಾತು ಬರೆದಿದ್ದಾರೆ: "ಅಬ್ಬಾ, ಅಂತೂ ಒಬ್ರಾದ್ರೂ ಹೇಳಿದ್ರಲ್ಲ." "ನಾನೊಬ್ನೇ ಅಂದ್ಕೊಂಡಿದ್ದೆ." "ಹೇಳೋಕೆ ಹೆದರಿಕೆ ಇತ್ತು." ಈ ಸಾಲು ಪದೇ ಪದೇ ಕಂಡರೆ ಒಂದು ವಿಷಯ ಖಚಿತ. ಆ ಅಭಿಪ್ರಾಯ ತುಂಬಾ ಜನರ ಹತ್ತಿರ ಮೊದಲೇ ಇತ್ತು, ಬೇರೆಯವರ ಹತ್ತಿರ ಇಲ್ಲ ಅಂತ ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಇದರ ಮೇಲೆ ಹಳೆಯ ಅಧ್ಯಯನ ಇದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡೆಬೊರಾ ಪ್ರೆಂಟಿಸ್ ಮತ್ತು ಡೇಲ್ ಮಿಲ್ಲರ್ ಅನ್ನೋರು ಅಲ್ಲಿನ ವಿದ್ಯಾರ್ಥಿಗಳನ್ನು ಕುಡಿತದ ಬಗ್ಗೆ ಕೇಳಿದರು, 1993ರಲ್ಲಿ ಪ್ರಕಟಿಸಿದರು. ಕ್ಯಾಂಪಸ್ಸಿನಲ್ಲಿ ನಡೆಯುವ ಕುಡಿತದ ಬಗ್ಗೆ ತಮಗೆ ಅಷ್ಟು ಸಮಾಧಾನ ಇಲ್ಲ, ಆದರೆ ಉಳಿದವರಿಗೆ ಏನೂ ತೊಂದರೆ ಇಲ್ಲ ಅಂತ ವಿದ್ಯಾರ್ಥಿಗಳು ಅಂದುಕೊಂಡಿದ್ದರು. ಎಲ್ಲರೂ ಹಾಗೇ ಅಂದುಕೊಂಡರೆ ಪಾರ್ಟಿ ನಡೆಯುತ್ತಲೇ ಇರುತ್ತೆ ಅಲ್ವಾ. ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವ ಹತ್ತು ಜನರಲ್ಲಿ ನಾಲ್ವರಿಗೆ ಸಾಂಬಾರು ಸೇರದೇ ಇರಬಹುದು, ಆದರೂ ಬಟ್ಟಲು ಖಾಲಿ ಮಾಡುತ್ತಾರೆ, ಪಕ್ಕದವನೂ ಖಾಲಿ ಮಾಡುತ್ತಿದ್ದಾನಲ್ಲ ಅಂತ.

ನಿಜವಾಗಿ ಯಾರಿಗೂ ಹಿಡಿಸದ ಮಾತಿಗೆ ಕಾಮೆಂಟು ಬೇರೆ ಥರ ಬರುತ್ತೆ. ಕೆಲವು ವರ್ಷದ ಹಿಂದೆ ಒಬ್ಬರು "ನನಗೆ ಮಾವಿನಹಣ್ಣು ಕಂಡರೆ ಆಗಲ್ಲ" ಅಂತ ಬರೆದಿದ್ದರು. ಒಬ್ಬರೂ ಬೈಯಲಿಲ್ಲ. "ಅಯ್ಯೋ, ಯಾಕೆ ಸಾರ್?" "ಅಲರ್ಜಿ ಏನಾದ್ರೂ ಇದೆಯಾ?" "ರಸಪುರಿ ತಿಂದು ನೋಡಿದ್ದೀರಾ?" ಅಂತ ಕೇಳಿದರು. ಒಬ್ಬರು ತಮ್ಮ ಮನೆಗೇ ಕರೆದರು. ಒಬ್ಬನೇ ಒಬ್ಬ ಇಡೀ ಊರಿಗೆ ವಿರುದ್ಧ ಇದ್ದರೆ ಜನಕ್ಕೆ ಕನಿಕರ ಬರುತ್ತೆ, ಇಲ್ಲಾ ಕುತೂಹಲ ಬರುತ್ತೆ. ಸಿಟ್ಟು ಬರಬೇಕಾದರೆ ಆ ಕಡೆ ಇನ್ನೊಂದು ಗುಂಪು ಇದೆ, ಅದು ದೊಡ್ಡದೂ ಇದೆ ಅಂತ ಗೊತ್ತಿರಬೇಕು. ನಿಮಗೆ ಸಿಟ್ಟಿನ ಕಾಮೆಂಟು ಬಂದಿವೆ. ಅಂದರೆ ಈ ಜಗಳ ಮೊದಲೇ ಇತ್ತು, ನೀವು ಮೈಕು ಇಟ್ಟಿರಿ ಅಷ್ಟೆ.

ಈಗ ಬೈದ 41 ಜನ ಏನಕ್ಕೆ ಬೈದರು ನೋಡೋಣ. ನನ್ನ ಪ್ರಕಾರ ಎಲ್ಲ ಮಾಡಿದ್ದು ನಿಮ್ಮ ವಾಕ್ಯದಲ್ಲಿರುವ ಒಂದು "ಏ". "ಸಾಂಬಾರೇ ಅಲ್ಲ." ಅದರ ಬದಲು "ನನಗೆ ಸಿಹಿ ಸಾಂಬಾರ್ ಸೇರಲ್ಲ" ಅಂತ ಬರೆದಿದ್ದರೆ ಹತ್ತು ಹನ್ನೆರಡು ಕಾಮೆಂಟು ಬಂದು ಮಲಗುತ್ತಿತ್ತು. ನಾಲಿಗೆಯ ವಿಷಯಕ್ಕೆ ಯಾರೂ ವಾದ ಮಾಡೋಕೆ ಆಗಲ್ಲ. ಸೇರಲ್ಲ ಅಂದರೆ ಸೇರಲ್ಲ, ಬಿಡಿ. ಆದರೆ "ಸಾಂಬಾರೇ ಅಲ್ಲ" ಅಂದ ಕೂಡಲೇ ರುಚಿಯ ಮಾತು ಹೋಗಿ ಹೆಸರಿನ ಮಾತು ಬಂತು. ಯಾವುದಕ್ಕೆ ಸಾಂಬಾರ್ ಅಂತ ಕರೆಯಬಹುದು, ಯಾವುದಕ್ಕೆ ಕರೆಯಬಾರದು ಅಂತ ನೀವು ಗೆರೆ ಎಳೆದಿರಿ, ಗೆರೆಯ ಆಚೆ ಯಾರದೋ ಅಮ್ಮನ ಅಡುಗೆಮನೆ ಹೋಯಿತು. ಹಾಟ್ ಟೇಕ್ ಅಂತ ಓಡಾಡುವ ಪೋಸ್ಟುಗಳಲ್ಲಿ ಬಹುಪಾಲು ಮಾಡುವುದು ಇಷ್ಟೇ ಕೆಲಸ. "ನನಗೆ ಇಷ್ಟ ಇಲ್ಲ" ಅನ್ನೋದನ್ನು "ಅದು ಅದಲ್ಲ" ಅಂತ ಬದಲಾಯಿಸುವುದು. ಅವಲಕ್ಕಿ ತಿಂಡಿಯೇ ಅಲ್ಲ, ಟಿ20 ಕ್ರಿಕೆಟ್ಟೇ ಅಲ್ಲ, ಇನ್‌ಸ್ಟಂಟ್ ಕಾಫಿ ಕಾಫಿಯೇ ಅಲ್ಲ. ಕನ್ನಡದಲ್ಲಿ ಆ ಒಂದು ಏಕಾರಕ್ಕೆ ಎಷ್ಟು ಬಲ ಇದೆ ನೋಡಿ, ಪ್ಯಾರಾಗ್ರಾಫ್ ಮಾಡಬೇಕಾದ ಕೆಲಸವನ್ನು ಅದೊಂದೇ ಮಾಡುತ್ತೆ.

ಮಜಾ ಏನಂದರೆ, ಬೈದವರಲ್ಲಿ ತುಂಬಾ ಜನ ನೀವು ಹೇಳಿದ ಪದಾರ್ಥದ ಬಗ್ಗೆ ಮಾತೇ ಆಡಿಲ್ಲ. ಒಬ್ಬರು ಉಡುಪಿ ಕಡೆಯವರು, ತೆಂಗಿನಕಾಯಿ ರುಬ್ಬಿ ಹಾಕುವ ಕೊದ್ದೆಲಿನ ಬಗ್ಗೆ ಉದ್ದಕ್ಕೆ ಬರೆದಿದ್ದಾರೆ. ಹುಣಸೆಹುಳಿಗೆ ತಕ್ಕಷ್ಟು ಬೆಲ್ಲ ಬೀಳದಿದ್ದರೆ ಅವರ ಮನೆಯಲ್ಲಿ ಊಟ ಮುಂದೆ ಹೋಗಲ್ಲವಂತೆ. ಮೈಸೂರಿನವರೊಬ್ಬರು "ನಾವು ಅದನ್ನ ಸಾಂಬಾರ್ ಅನ್ನೋದೇ ಇಲ್ಲ, ಹುಳಿ ಅಂತೀವಿ" ಅಂದಿದ್ದಾರೆ. ಮಂಡ್ಯದವರು ಮುದ್ದೆ ಜೊತೆ ಬರುವ ಸಾರಿನ ಬಗ್ಗೆ ಹೇಳುತ್ತಿದ್ದಾರೆ, ಅದಕ್ಕೆ ಬೆಲ್ಲ ಹಾಕಿದರೆ ಅಜ್ಜಿ ಸೌಟಲ್ಲಿ ಹೊಡೀತಿದ್ದರಂತೆ. ಕಲಬುರಗಿಯ ಹುಡುಗನೊಬ್ಬ "ನಮ್ಮನೇಲಿ ಸಾಂಬಾರ್ ಮಾಡ್ತಾನೇ ಇರ್ಲಿಲ್ಲ, ಪಿಜಿಗೆ ಬಂದಾಗ ದರ್ಶಿನೀಲಿ ಮೊದಲು ತಿಂದಿದ್ದು, ನನಗೆ ಅದೇ ಸಾಂಬಾರ್" ಅಂದಿದ್ದಾನೆ. ನನಗೆ ಇಡೀ ಕಂತೆಯಲ್ಲಿ ತುಂಬಾ ಇಷ್ಟವಾದ ಸಾಲು ಅದು. ನಾಲ್ಕು ಜನ, ನಾಲ್ಕು ಪಾತ್ರೆ, ಒಂದೇ ಹೆಸರು. ಜಗಳ ಆಡುತ್ತಿರುವುದು ಬೆಲ್ಲದ ಬಗ್ಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಒಬ್ಬೊಬ್ಬರ ತಲೆಯಲ್ಲೂ ಒಂದೊಂದು ಪಾತ್ರೆ ಕುದಿಯುತ್ತಿದೆ. ಇಂಥ ಪೋಸ್ಟುಗಳ ಕೆಳಗೆ ನಾನು ಮೊದಲು ಹುಡುಕುವುದೇ ಇದನ್ನು: ಎಲ್ಲರೂ ಒಂದೇ ವಸ್ತುವಿನ ಬಗ್ಗೆ ಮಾತಾಡುತ್ತಿದ್ದಾರಾ? ಹತ್ತು ಕಾಮೆಂಟು ತೆಗೆದುಕೊಂಡು, ಒಬ್ಬೊಬ್ಬರೂ ಯಾವುದನ್ನು ಸಾಂಬಾರ್ ಅನ್ನುತ್ತಿದ್ದಾರೆ ಅಂತ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ. ಮೂರಕ್ಕಿಂತ ಜಾಸ್ತಿ ಬಂದರೆ ಅದು ಪದದ ಜಗಳ.

ಅಂದ ಹಾಗೆ ಬೆಂಗಳೂರು ಹೋಟೆಲಿನ ಸಾಂಬಾರಿಗೆ ಕರಾವಳಿಯ ಕೈ ಸೇರಿದ್ದು ಹೊಸದೇನಲ್ಲ. ಇಲ್ಲಿ ಎಷ್ಟೋ ಹೋಟೆಲ್ ಕಟ್ಟಿದವರು ಉಡುಪಿ, ಕುಂದಾಪುರದ ಕಡೆಯವರು. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮಿನ ಮಯ್ಯ ಸಹೋದರರೂ ಆ ಕಡೆಯವರೇ. ಹಾಗಾಗಿ ನಿಮ್ಮ ಪೋಸ್ಟ್ ಓದಿದ ಉಡುಪಿಯವರಿಗೆ "ಬೆಂಗಳೂರು ಹೋಟೆಲ್" ಅಂದಾಗ ತಮ್ಮ ಮಾವನ ಅಂಗಡಿ ನೆನಪಾಗಿದ್ದರೆ ಆಶ್ಚರ್ಯವಿಲ್ಲ.

ಇನ್ನು ಕಾಮೆಂಟುಗಳ ಕ್ರಮ. ನೀವು ಕಳಿಸಿದ ಸ್ಕ್ರೀನ್‌ಶಾಟುಗಳು ಫೇಸ್‌ಬುಕ್ ಜೋಡಿಸಿಕೊಟ್ಟ ಕ್ರಮದಲ್ಲಿವೆ, ಮೇಲೆ `Most relevant` ಅಂತ ಕಾಣುತ್ತಿದೆ. ಹಾಗೆ ಓದಿದರೆ ಕಥೆ ಗೊತ್ತಾಗಲ್ಲ. ಯಾರು ಮೊದಲು ಮಾತಾಡಿದರು, ಯಾರ ಮಾತಿಂದ ದಾರಿ ತಿರುಗಿತು ಅಂತ ನೋಡಬೇಕು. ನಾನು ಸಮಯ ನೋಡಿಕೊಂಡು ಮರುಜೋಡಿಸಿದೆ. ಶನಿವಾರ ಬೆಳಿಗ್ಗೆ 9ಕ್ಕೆ ಪೋಸ್ಟ್ ಹಾಕಿದ್ದೀರಿ. ಮೊದಲ ಒಂದು ಗಂಟೆಯಲ್ಲಿ 14 ಕಾಮೆಂಟು, ಎಲ್ಲ ತಮಾಷೆ. ಯಾರೋ "ಪಾಯಸಕ್ಕೆ ವಡೆ ಅದ್ದಿ ತಿನ್ನೋ ಹಾಗಿರುತ್ತೆ" ಅಂದಿದ್ದಾರೆ, ಸಿಹಿ ಸಾಂಬಾರಿನ ಅಭಿಮಾನಿಗಳೂ ನಕ್ಕಿದ್ದಾರೆ. 11 ಗಂಟೆ 20 ನಿಮಿಷಕ್ಕೆ ಒಬ್ಬ ಬಂದ: "ಯಾವೂರು ನಿಮ್ದು? ಇಷ್ಟ ಇಲ್ಲ ಅಂದ್ರೆ ಬೆಂಗಳೂರಿಗೆ ಯಾಕೆ ಬಂದ್ರಿ?" ಅದಕ್ಕೆ ತಕ್ಷಣ ಏಳೆಂಟು ಲೈಕು ಬಿದ್ದವು. ಅಲ್ಲಿಂದ ಸಾಂಬಾರು ಮುಗಿಯಿತು, ಊರು ಶುರುವಾಯಿತು. ಅವನ ಕಾಮೆಂಟಿನ ಕೆಳಗೆ 31 ಉತ್ತರ ಇವೆ. ಅದರಲ್ಲಿ ಸಾಂಬಾರ್ ಅನ್ನೋ ಪದ ಬಂದಿರುವುದು ಎರಡೇ ಸಲ. ಉಳಿದದ್ದೆಲ್ಲ ಯಾರು ಹೊರಗಿನವರು, ಯಾರು ಒಳಗಿನವರು, ಬಾಡಿಗೆ, ಟ್ರಾಫಿಕ್, ಭಾಷೆ. ನೀವು ಹಾಸನದವರು ಅಂತ ಗೊತ್ತಾದ ಮೇಲೂ ನಿಲ್ಲಲಿಲ್ಲ.

ಮೊದಲು ಬಿದ್ದ ಒಂದೆರಡು ಲೈಕಿಗೆ ಇಷ್ಟು ಶಕ್ತಿ ಇದೆಯಾ ಅಂತ ಕೇಳಬಹುದು. ಇದನ್ನು ಅಳೆದು ನೋಡಿದ್ದಾರೆ. ಲೆವ್ ಮುಚ್ನಿಕ್, ಸಿನಾನ್ ಅರಾಲ್, ಶಾನ್ ಟೇಲರ್ ಅನ್ನೋ ಮೂವರು ಒಂದು ಸುದ್ದಿ ಹಂಚಿಕೆ ತಾಣದಲ್ಲಿ 1,01,281 ಕಾಮೆಂಟುಗಳ ಮೇಲೆ ಪ್ರಯೋಗ ಮಾಡಿ 2013ರಲ್ಲಿ "ಸೈನ್ಸ್" ಪತ್ರಿಕೆಯಲ್ಲಿ ಬರೆದರು. ಕಣ್ಣುಮುಚ್ಚಿ ಆರಿಸಿದ ಕೆಲವು ಕಾಮೆಂಟುಗಳಿಗೆ ಬಂದ ಕೂಡಲೇ ಸುಮ್ನೆ ಒಂದು ಮೆಚ್ಚುಗೆ ಮತ ಹಾಕಿಬಿಟ್ಟರು. ಅದರಲ್ಲಿ ಏನಿದೆ ಅಂತಲೂ ನೋಡಲಿಲ್ಲ. ಅದನ್ನು ಮುಂದೆ ನೋಡಿದ ಮೊದಲ ಓದುಗ ಮೆಚ್ಚುಗೆ ಒತ್ತುವ ಸಾಧ್ಯತೆ ಶೇಕಡ 32ರಷ್ಟು ಏರಿತು. ಕೊನೆಗೆ ಆ ಕಾಮೆಂಟುಗಳ ಅಂಕ ಸರಾಸರಿ ಶೇಕಡ 25 ಜಾಸ್ತಿ ಆಯಿತು. ಬೇರೆ ಕೆಲವಕ್ಕೆ ಹೀಗೇ ಒಂದು ತೆಗಳಿಕೆ ಮತ ಹಾಕಿದಾಗ ಜನ ಅದನ್ನು ಸರಿಮಾಡಿಬಿಟ್ಟರು, ಅಂಕ ಕೆಳಗೆ ಹೋಗಲಿಲ್ಲ. ಹಾಗಾಗಿ ಆ "ಯಾವೂರು" ಕಾಮೆಂಟಿಗೆ ಬಿದ್ದ ಲೈಕು ನೋಡಿ ಇಷ್ಟು ಜನ ಹೀಗೆ ಯೋಚಿಸುತ್ತಾರಾ ಅಂತ ಎದೆ ಒಡೆದುಕೊಳ್ಳಬೇಡಿ. ಅದಕ್ಕೆ ಮೊದಲ ಲೈಕು ಒತ್ತಿದವರು ಯಾರು ನೋಡಿ. ಅವನ ಜೊತೆ 29 ಕಾಮೆಂಟು ಬರೆದ ಇನ್ನೊಬ್ಬ ಮಹಾಶಯನೇ.

ಭಾನುವಾರ ಸಂಜೆ ಇನ್ನೊಂದು ಅಲೆ ಬಂತಲ್ಲ, ಅದರ ಕಾರಣವೂ ಕಾಮೆಂಟುಗಳಲ್ಲೇ ಕಾಣುತ್ತೆ. ನಿಮ್ಮ ಪೋಸ್ಟಿನಲ್ಲಿ ಮೂರು ಸಾಲು ಇದ್ದವು. ಎರಡನೆಯ ಸಾಲು: "ಮನೇಲಿ ಚಿಟಿಕೆ ಬೆಲ್ಲ ಹಾಕೋರ ಬಗ್ಗೆ ಹೇಳ್ತಿಲ್ಲ." ಶನಿವಾರ ಬಂದವರಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರಿಗೂ ಇದು ಗೊತ್ತಿತ್ತು. ಭಾನುವಾರ ಸಂಜೆ 7ರ ಮೇಲೆ ಬಂದ ಹೆಚ್ಚಿನವರು "ಹಾಗಾದ್ರೆ ನಮ್ಮಮ್ಮ ಮಾಡೋದು ಸಾಂಬಾರಲ್ವಾ?" ಅಂತಲೇ ಶುರುಮಾಡುತ್ತಾರೆ. ಅಂದರೆ ಯಾರೋ ಮೊದಲ ಸಾಲನ್ನು ಮಾತ್ರ ಕತ್ತರಿಸಿ ಬೇರೆ ಪೇಜಿನಲ್ಲಿ ಹಾಕಿದ್ದಾರೆ, ಅಲ್ಲಿಂದ ಇವರು ಬಂದಿದ್ದಾರೆ. ಆಮೇಲೆ ಒಬ್ಬರು ಆ ಪೇಜಿನ ಹೆಸರನ್ನೂ ಹೇಳಿದ್ದಾರೆ. ಓದದೆ ಬರೆಯುವುದು ನಮ್ಮ ಜನಕ್ಕೆ ಮಾತ್ರ ಬಂದ ರೋಗ ಅಂದುಕೊಳ್ಳಬೇಡಿ. 2014ರ ಏಪ್ರಿಲ್ 1ರಂದು ಅಮೆರಿಕದ ಎನ್‌ಪಿಆರ್ ರೇಡಿಯೋ ಫೇಸ್‌ಬುಕ್‌ನಲ್ಲಿ "ಅಮೆರಿಕ ಈಗ ಯಾಕೆ ಓದುವುದಿಲ್ಲ?" ಅನ್ನೋ ಲೇಖನದ ಕೊಂಡಿ ಹಾಕಿತು. ಒತ್ತಿ ಒಳಗೆ ಹೋದರೆ ಲೇಖನವೇ ಇರಲಿಲ್ಲ. ಇದು ಏಪ್ರಿಲ್ ಫೂಲ್, ಓದದೆ ಕಾಮೆಂಟ್ ಮಾಡುವವರಿದ್ದಾರೆ ಅನ್ನಿಸುತ್ತೆ, ನೀವು ಸುಮ್ಮನಿರಿ, ಏನಾಗುತ್ತೆ ನೋಡೋಣ ಅಂತಿತ್ತು. ಕೆಳಗೆ ಜನ ಸಾಲುಸಾಲಾಗಿ ವಾದ ಮಾಡಿದ್ದರು, ನಾವು ಓದುತ್ತೇವೆ ಅಂತ!

ಈ ಅಲೆಯಲ್ಲಿ ಬಂದವರ ಸಿಟ್ಟು ನಿಮ್ಮ ಮೇಲೆ ಅಂತ ಹಿಡಿಯಬೇಡಿ, ಅವರು ನಿಮ್ಮನ್ನು ಓದೇ ಇಲ್ಲ. 41 ಜನರಲ್ಲಿ ಇಂಥವರು 23. ಇವರನ್ನು ಬದಿಗಿಟ್ಟರೆ ಉಳಿಯುವುದು 18 ಜನ. ಆರು ವರ್ಷ ಬೆಂಗಳೂರಲ್ಲಿದ್ದವರಿಗೆ 18 ಜನ ಬೈಯುವುದು ಸಿಗ್ನಲ್ಲಿನಲ್ಲೇ ಆಗಿಹೋಗಿರುತ್ತೆ.

ನಿಮ್ಮ ಕಡೆಯಿಂದಲೂ ಒಂದು ತಪ್ಪಾಗಿದೆ, ಹೇಳಿಬಿಡುತ್ತೇನೆ. 38 ಉತ್ತರ ಬರೆದಿದ್ದೀರಿ, ಅದರಲ್ಲಿ 16 ಆ "ಯಾವೂರು" ಮನುಷ್ಯನಿಗೇ. ರೆಡ್ಡಿಟ್‌ನಲ್ಲಿ `r/changemyview` ಅಂತ ಒಂದು ಗುಂಪು 2013ರಿಂದ ಇದೆ. ನನ್ನ ಅಭಿಪ್ರಾಯ ಇದು, ಆದರೆ ಬದಲಾಯಿಸಿಕೊಳ್ಳೋಕೆ ತಯಾರಿದ್ದೇನೆ, ವಾದ ಮಾಡಿ ಅಂತ ಬರೆಯುವ ಜಾಗ. ಯಾರ ಮಾತಿಂದ ಮನಸ್ಸು ಬದಲಾಯಿತೋ ಅವರಿಗೆ ಒಂದು ತ್ರಿಕೋನದ ಗುರುತು ಕೊಡುತ್ತಾರೆ, ಡೆಲ್ಟಾ ಅಂತ. ಕಾರ್ನೆಲ್ ವಿಶ್ವವಿದ್ಯಾಲಯದವರು ಆ ಗುಂಪಿನ ವಾದಗಳನ್ನು ಜರಡಿ ಹಿಡಿದು 2016ರಲ್ಲಿ ಬರೆದರು. ಒಂದಿಷ್ಟು ಹಿಂದೆಮುಂದೆ ಮಾತು ನಡೆದರೆ ಒಳ್ಳೆಯದೇ. ಐದು ಸುತ್ತು ದಾಟಿದರೆ ಮನಸ್ಸು ಬದಲಾಗುವ ಸಾಧ್ಯತೆ ಹೆಚ್ಚೂಕಮ್ಮಿ ಸೊನ್ನೆ. ನೆನಪಿಡಿ, ಅದು ಬದಲಾಗೋಕೆ ತಯಾರಿದ್ದೇವೆ ಅಂತ ಹೇಳಿಕೊಂಡೇ ಬಂದವರ ಜಾಗ. ನಿಮ್ಮ ಪೋಸ್ಟಿನ ಕೆಳಗೆ ಬಂದವನು ಹಾಗೆ ಹೇಳಿರಲಿಲ್ಲ. ನೀವು ಬರೆದ ಒಂದೊಂದು ಉತ್ತರವೂ ಅವನ ಕಾಮೆಂಟನ್ನು ಮತ್ತೆ ಮೇಲಕ್ಕೆ ತಂದು ನಿಲ್ಲಿಸಿತು. ಹೊಸದಾಗಿ ಬಂದವರಿಗೆ ಮೊದಲು ಕಾಣಿಸಿದ್ದೇ ಅದು.

ನಿಮ್ಮ ಪೋಸ್ಟಿನ ಕಾಮೆಂಟುಗಳಲ್ಲಿ ಅದೇ ಅಧ್ಯಯನದ ಇನ್ನೊಂದು ಮಾತಿಗೂ ಉದಾಹರಣೆ ಸಿಗುತ್ತೆ. ಪೋಸ್ಟ್ ಹಾಕಿದವರು ಬಳಸಿದ ಪದಗಳನ್ನೇ ತಿರುಗಿಸಿ ಹೇಳಿದವರಿಗಿಂತ ಬೇರೆ ಪದ, ಬೇರೆ ವಿಷಯ ತಂದವರು ಜಾಸ್ತಿ ಗೆದ್ದಿದ್ದರು. "ಸಾಂಬಾರೇ ಅಲ್ಲ" ಅಂದಿದ್ದಕ್ಕೆ "ಸಾಂಬಾರೇ ಹೌದು" ಅಂದವರು ಹದಿನೈದು ಜನ ಇದ್ದಾರೆ, ಒಬ್ಬರೂ ನಿಮ್ಮನ್ನು ಅಲ್ಲಾಡಿಸಲಿಲ್ಲ. ಮಂಗಳವಾರ ರಾತ್ರಿ 11ಕ್ಕೆ, ಎಲ್ಲ ತಣ್ಣಗಾದ ಮೇಲೆ, ಒಬ್ಬರು ಬರೆದಿದ್ದನ್ನು ನೀವು ಓದಿದಿರೋ ಇಲ್ಲವೋ. 170ನೆಯ ಸ್ಕ್ರೀನ್‌ಶಾಟಿನ ಹತ್ತಿರ ಇದೆ. ಅವರು ಹೋಟೆಲಿನಲ್ಲಿ ಅಡುಗೆ ಮಾಡುವವರು. ಹಾಗೇ ಇಲ್ಲಿ ಎತ್ತಿ ಹಾಕುತ್ತೇನೆ, ಹೆಸರು ಬಿಟ್ಟು:

"ಮೇಡಂ, ಬೆಳಿಗ್ಗೆ ಆರಕ್ಕೆ ಮಾಡಿದ ಸಾಂಬಾರ್ ಹನ್ನೊಂದರ ತನಕ ಒಲೆ ಮೇಲೆ ಇರ್ತದೆ. ನೀರು ಆರ್ತಾ ಆರ್ತಾ ಹುಳಿ ಉಪ್ಪು ಮೇಲೆ ಬರ್ತದೆ. ಬೆಲ್ಲ ಇಲ್ದೆ ಇದ್ರೆ ಒಂಬತ್ತು ಗಂಟೆಗೇ ಗಿರಾಕಿ ಮುಖ ಹಿಂಡ್ತಾರೆ. ಮತ್ತೆ ಇಡ್ಲಿಗೆ ಜನ ಬಟ್ಟಲು ಬಟ್ಟಲು ಕುಡೀತಾರೆ, ಮನೇಲಿ ಅನ್ನಕ್ಕೆ ಹಾಕ್ಕೊಳ್ಳೋ ಹಾಗಲ್ಲ. ಖಾರ ಇಟ್ರೆ ಮಕ್ಕಳು ತಿನ್ನಲ್ಲ. ಏಳು ಗಂಟೆ ಒಳಗೆ ಬಂದು ನೋಡಿ, ಅಷ್ಟು ಸಿಹಿ ಅನ್ಸಲ್ಲ, ಕುದಿ ಜಾಸ್ತಿ ಆದ್ಮೇಲೆ ಬೆಲ್ಲ ಇನ್ನೊಂದು ಸಲ ಹಾಕೋರೂ ಇದಾರೆ."

ನಾಲ್ಕು ಲೈಕು. ಮೂರು ದಿನ ತಡವಾಗಿ ಬಂತು, ಯಾರನ್ನೂ ಬೈಯಲಿಲ್ಲ, ಉದ್ದ ಇತ್ತು. ಮೂರೂ ಸೇರಿದರೆ ಕಾಮೆಂಟು ತಳದಲ್ಲೇ ಉಳಿಯುತ್ತೆ. ಇಡೀ 212ರಲ್ಲಿ ಹೋಟೆಲ್ ಸಾಂಬಾರು ಯಾಕೆ ಸಿಹಿ ಅನ್ನೋದಕ್ಕೆ ನಿಜವಾಗಿ ಉತ್ತರ ಕೊಟ್ಟಿದ್ದು ಇದೊಂದೇ. ಇಂಥದ್ದನ್ನು ಹುಡುಕುವ ಬಗೆ ಸುಲಭ. ಗಂಟೆ, ಅಳತೆ, ಪಾತ್ರೆ, ಒಲೆ, ಇಂಥ ಪದ ಇರುವ ಕಾಮೆಂಟುಗಳನ್ನು ಓದಿ. "ಎಲ್ಲರಿಗೂ ಗೊತ್ತು", "ಯಾರೂ ಒಪ್ಪಲ್ಲ", "ನಿಮ್ಮಂಥವರು" ಅಂತ ಶುರುವಾಗುವುದನ್ನು ಬಿಟ್ಟುಬಿಡಿ. ನಾನು ಪತ್ರಿಕೆಯಲ್ಲಿದ್ದಾಗ ಇದನ್ನೇ ಮಾಡಬೇಕಿತ್ತು, ಮಾಡೋಕೆ ಬಿಡುತ್ತಿರಲಿಲ್ಲ. ಮೇಲಿನವರಿಗೆ ಬೇಕಾಗಿದ್ದುದು ಕಾಮೆಂಟುಗಳ ಸಂಖ್ಯೆ. ಬೈಗುಳ ತೆಗೆದರೆ ಸಂಖ್ಯೆ ಇಳಿಯುತ್ತಿತ್ತು, ನನಗೆ ಬೈಗುಳ ಬೀಳುತ್ತಿತ್ತು.

ಒಂದು ಮಿತಿಯನ್ನೂ ಹೇಳಬೇಕು. ಮೇಲೆ ನಾನು ಮಾಡಿದ ಲೆಕ್ಕ ಬರೆದವರದ್ದು ಮತ್ತು ಒತ್ತಿದವರದ್ದು. ನೋಡಿ ಏನೂ ಮಾಡದೆ ಹೋದವರು ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ಇರುತ್ತಾರೆ. ಯಾಕೋಬ್ ನೀಲ್ಸನ್ ಅನ್ನೋರು 2006ರಲ್ಲಿ ಒಂದು ಅಂದಾಜಿನ ಸೂತ್ರ ಹೇಳಿದರು: ನೂರರಲ್ಲಿ 90 ಜನ ಬರೀ ನೋಡುತ್ತಾರೆ, 9 ಜನ ಆಗೀಗ ಏನೋ ಬರೆಯುತ್ತಾರೆ, ಒಬ್ಬ ಸದಾ ಬರೆಯುತ್ತಾನೆ. ಎಲ್ಲಾ ಕಡೆ ಅಷ್ಟೇ ಅಂತ ಹಿಡಿಯೋಕಾಗಲ್ಲ, ಆದರೆ ನಿಮ್ಮ ಆ ಇಬ್ಬರು 29 ಕಾಮೆಂಟಿನವರು ನೂರರಲ್ಲಿ ಒಬ್ಬರಾಗುವ ಜಾತಿ. ಬೆಂಗಳೂರಿನವರಿಗೆ ಸಿಹಿ ಸಾಂಬಾರು ಇಷ್ಟವೋ ಇಲ್ಲವೋ ಅಂತ ತಿಳಿಯಬೇಕಾದರೆ ಈ ಪೋಸ್ಟಿನಿಂದ ಆಗಲ್ಲ. ಅದಕ್ಕೆ ದರ್ಶಿನಿಯ ಕೈತೊಳೆಯುವ ಜಾಗದ ಪಕ್ಕ ನಿಂತು, ವಾಪಸ್ ಬರುವ ಬಟ್ಟಲುಗಳಲ್ಲಿ ಎಷ್ಟು ಸಾಂಬಾರು ಉಳಿದಿದೆ ಅಂತ ನೋಡಬೇಕು.

ಪೋಸ್ಟ್ ತೆಗೆಯಬೇಡಿ. ತೆಗೆದರೆ ಕೆಳಗಿನ ಕಾಮೆಂಟುಗಳೂ ಅದರ ಜೊತೆಗೇ ಹೋಗುತ್ತವೆ, ಆ ಅಡುಗೆಯವರು ಬರೆದದ್ದೂ ಹೋಗುತ್ತೆ. ಅದರ ಬದಲು ಪೋಸ್ಟನ್ನು ಎಡಿಟ್ ಮಾಡಿ, ಅವರನ್ನು ಕೇಳಿಕೊಂಡು ಆ ಕಾಮೆಂಟನ್ನು ಕೆಳಗೆ ಸೇರಿಸಿ. "ಯಾವೂರು" ಮನುಷ್ಯನಿಗೆ ಇನ್ನೊಂದು ಅಕ್ಷರವೂ ಬರೆಯಬೇಡಿ. ಕೊದ್ದೆಲಿನ ಬಗ್ಗೆ ಬರೆದ ಉಡುಪಿಯ ಅಮ್ಮ ಕೊನೆಯಲ್ಲಿ "ನಿಮ್ಮ ಹಾಸನದ ಕಡೆ ಸಾಂಬಾರ್ ಪುಡಿಗೆ ಏನೇನು ಹಾಕ್ತಾರೆ?" ಅಂತ ಕೇಳಿದ್ದರು. 38 ಉತ್ತರಗಳಲ್ಲಿ ಅದಕ್ಕೆ ಒಂದೂ ಇಲ್ಲ. ಅಮ್ಮನಿಗೆ ಫೋನ್ ಮಾಡಿ ಕೇಳಿಕೊಂಡಾದರೂ ಸರಿ, ಇವತ್ತು ಅವರಿಗೆ ಬರೆಯಿರಿ.